ಮೈನಸ್ 20ರೊಳಗೆ ಹೋಗುವ ಮೊದಲು ಬನಿಯನ್ ಮುಟ್ಟಿ ನೋಡಿ

ಏಪ್ರಿಲ್ ತಿಂಗಳ ಮಧ್ಯಾಹ್ನ ಕರಾವಳಿಯ ಯಾವುದೇ ಮೀನು ರಫ್ತು ಘಟಕದ ಲೋಡಿಂಗ್ ಕಟ್ಟೆಯ ಮೇಲೆ ನಿಂತರೆ ಥರ್ಮಾಮೀಟರ್ 33 ಅಥವಾ 34 ಡಿಗ್ರಿ ತೋರಿಸುತ್ತದೆ. ಕಡಲಿನ ತೇವದ ಗಾಳಿಯಲ್ಲಿ ಸುಮ್ಮನೆ ನಿಂತವನ ಬೆನ್ನೂ ಒದ್ದೆಯಾಗುತ್ತದೆ. ಅಲ್ಲಿಂದ ಹದಿನೈದು ಹೆಜ್ಜೆ ಒಳಗೆ, ಪ್ಲಾಸ್ಟಿಕ್ ಪಟ್ಟಿಗಳ ಪರದೆಯಾಚೆ, ಬೂತಾಯಿ, ಬಂಗುಡೆ, ಬೊಂಡಾಸಗಳ ಕಾರ್ಟನ್‌ಗಳು ಮೈನಸ್ 20 ಡಿಗ್ರಿಯಲ್ಲಿ ಕುಳಿತಿರುತ್ತವೆ. ಕಟ್ಟೆಯಿಂದ ಸ್ಟೋರ್ ಒಳಗೆ ಹೋಗುವ ಕೆಲಸಗಾರ ಅರ್ಧ ನಿಮಿಷದಲ್ಲಿ 54 ಡಿಗ್ರಿಯಷ್ಟು ಕೆಳಗಿಳಿಯುತ್ತಾನೆ.

ಇಂತಹ ಒಂದು ಘಟಕದಲ್ಲಿ ನಾನು ಹಲವು ವರ್ಷ ಶಿಫ್ಟ್ ಮೇಲ್ವಿಚಾರಕನಾಗಿದ್ದೆ. ಚಳಿಯ ಕೆಲಸದ ಬಗ್ಗೆ ನನಗೆ ಓದಲು ಸಿಕ್ಕಿದ ಸೂಚನೆಗಳೆಲ್ಲ ಚಳಿ ದೇಶಗಳಲ್ಲಿ ಬರೆದವು. ಅಲ್ಲಿನ ಕೆಲಸಗಾರ ಮನೆಯಿಂದಲೇ ಬೆಚ್ಚಗೆ, ಒಣ ಬಟ್ಟೆಯಲ್ಲಿ ಬರುತ್ತಾನೆ. ನಮ್ಮವನು ಬರುವುದು ಬೆವರಿನಲ್ಲಿ, ಜೂನ್ ಆದರೆ ಮಳೆಯಲ್ಲಿ. ಕರಾವಳಿಯ ಕೋಲ್ಡ್ ಸ್ಟೋರೇಜ್‌ನಲ್ಲಿ ಚಳಿಯಿಂದ ಆಗುವ ತೊಂದರೆಗಳ ಬೇರು ಜಾಕೆಟ್ ತೆಳುವಾಗಿದ್ದದ್ದಕ್ಕಿಂತ ಹೆಚ್ಚಾಗಿ ಜಾಕೆಟ್ಟಿನೊಳಗೆ ಮೈ ಒದ್ದೆಯಾಗಿದ್ದದ್ದರಲ್ಲಿ ಇರುತ್ತದೆ ಎಂಬುದು ನಾನು ಕಂಡುಕೊಂಡ ಸಂಗತಿ. ಈ ಲೇಖನವನ್ನು ಆ ಒಂದು ಎಳೆ ಹಿಡಿದೇ ಬರೆದಿದ್ದೇನೆ. ಇಲ್ಲಿ ಹೇಳುವುದೆಲ್ಲ ಮೈನಸ್ 18ರಿಂದ ಮೈನಸ್ 22ರವರೆಗಿನ ಫ್ರೋಜನ್ ಸ್ಟೋರ್‌ಗೆ ಅನ್ವಯಿಸುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಇಡುವಂತಹ, ಸೊನ್ನೆಗಿಂತ ಕೆಲವು ಡಿಗ್ರಿ ಮೇಲಿರುವ ಕೋಣೆಗಳಲ್ಲಿ ಅಪಾಯ ಕಡಿಮೆ. ಆದರೂ ಒದ್ದೆ ಬಟ್ಟೆಯ ಮಾತು ಅಲ್ಲಿಗೂ ಸಲ್ಲುತ್ತದೆ.

ಹಂತ 1: ಮೊದಲು ಮೈ ಒಣಗಲಿ

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಬಟ್ಟೆ ನಮ್ಮನ್ನು ಬೆಚ್ಚಗಿಡುವುದು ತನ್ನ ನೂಲಿನಿಂದ ಅಲ್ಲ, ನೂಲುಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ಆ ಸಂದುಗಳಲ್ಲಿ ಗಾಳಿಯ ಬದಲು ಬೆವರು ತುಂಬಿಕೊಂಡರೆ ಎಷ್ಟು ದಪ್ಪದ ಜಾಕೆಟ್ ಹಾಕಿದರೂ ಮೈಯ ಶಾಖ ಹೊರಗೆ ಹರಿದುಹೋಗುತ್ತದೆ.

ಇದರಲ್ಲಿ ದೊಡ್ಡ ಅಪರಾಧಿ ನಾವೆಲ್ಲ ತೊಡುವ ಹತ್ತಿ ಬನಿಯನ್. ಬೇಸಿಗೆಗೆ ಅದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ. ಅದು ಬೆವರನ್ನು ಹೀರಿ ಮೈಗೆ ಅಂಟಿಕೊಂಡೇ ಇರುತ್ತದೆ, ನಿಧಾನವಾಗಿ ಆರುತ್ತದೆ, ಮೈಯನ್ನು ತಂಪು ಮಾಡುತ್ತದೆ. ಹೊರಗೆ ಹಿತವಾದ ಈ ಗುಣವೇ ಮೈನಸ್ 20ರಲ್ಲಿ ವಿಷವಾಗುತ್ತದೆ.

ಆದುದರಿಂದ ಸ್ಟೋರ್‌ಗೆ ಹೋಗುವ ಹತ್ತು ನಿಮಿಷ ಮೊದಲು ಬಿಸಿಲಿನ ಕೆಲಸ ನಿಲ್ಲಿಸಬೇಕು. ಲಾರಿಯಿಂದ ಸಾಮಾನು ಇಳಿಸಿದವನನ್ನು ಅದೇ ಉಸಿರಿನಲ್ಲಿ ಒಳಗೆ ಕಳುಹಿಸಬಾರದು. ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನು ಬನಿಯನ್ ತೆಗೆದು, ಒಣ ಟವೆಲ್‌ನಿಂದ ಎದೆ, ಬೆನ್ನು, ಕಂಕುಳು, ಕೂದಲು, ಕಾಲ್ಬೆರಳ ಸಂದುಗಳನ್ನು ಒರೆಸಿಕೊಂಡು, ಫ್ಯಾನಿನ ಕೆಳಗೆ ಐದು ನಿಮಿಷ ಕುಳಿತು, ಆಮೇಲೆ ಒಣ ಒಳಬಟ್ಟೆ ತೊಡಬೇಕು. ಜಾಕೆಟ್ಟನ್ನು ಈ ಬಿಸಿ ಕೋಣೆಯಲ್ಲಿ ಹಾಕಿ ಜಿಪ್ ಎಳೆದುಕೊಂಡು ಹರಟುತ್ತಾ ನಿಂತರೆ ಒರೆಸಿದ್ದೆಲ್ಲ ವ್ಯರ್ಥ, ಎರಡೇ ನಿಮಿಷದಲ್ಲಿ ಮತ್ತೆ ಬೆವರು. ಸ್ಟೋರ್‌ಗೂ ಕಟ್ಟೆಗೂ ನಡುವೆ ಇರುವ ತಂಪಾದ ಆಂಟೆ ರೂಮಿಗೆ ಬಂದ ಮೇಲೆಯೇ ಜಾಕೆಟ್ ತೊಡಬೇಕು.

ಮೇಲ್ವಿಚಾರಕರಿಗೆ ನನ್ನ ಒಂದು ಕೋರಿಕೆ ಇದೆ. ಒಳಗೆ ಹೋಗುವ ಪ್ರತಿಯೊಬ್ಬನ ಕತ್ತಿನ ಹಿಂದೆ, ಕಾಲರ್ ಒಳಗೆ ಎರಡು ಬೆರಳು ಇಟ್ಟು ನೋಡಿ. ಬಟ್ಟೆ ಒದ್ದೆಯಾಗಿ ಸಿಕ್ಕರೆ ಅವನು ಬದಲಿಸಿಕೊಂಡೇ ಹೋಗಲಿ. ಆರಂಭದಲ್ಲಿ ಹುಡುಗರು ಮುಜುಗರ ಪಟ್ಟರು. ಒಂದು ತಿಂಗಳಾದ ಮೇಲೆ ತಾವೇ ಒಬ್ಬರ ಕಾಲರ್ ಇನ್ನೊಬ್ಬರು ನೋಡತೊಡಗಿದರು.

ಹಂತ 2: ಮೂರು ಪದರ, ಮೂರು ಕೆಲಸ

ಪದರಗಳನ್ನು ಸಂಖ್ಯೆಯಿಂದ ಎಣಿಸುವುದಕ್ಕಿಂತ ಅವು ಮಾಡುವ ಕೆಲಸದಿಂದ ಗುರುತಿಸುವುದು ಒಳ್ಳೆಯದು. ಮೈಗೆ ತಾಗುವ ಮೊದಲನೆಯದು ಬೆವರನ್ನು ಮೈಯಿಂದ ಆಚೆ ದಾಟಿಸಬೇಕು. ಎರಡನೆಯದು ಗಾಳಿ ಹಿಡಿದಿಟ್ಟುಕೊಳ್ಳಬೇಕು. ಮೂರನೆಯದು ಕೂಲರ್ ಫ್ಯಾನಿನ ಗಾಳಿಯನ್ನು ತಡೆಯಬೇಕು.

ಮೊದಲ ಪದರಕ್ಕೆ ಪಾಲಿಯೆಸ್ಟರ್ ಅಥವಾ ಉಣ್ಣೆಯ ಥರ್ಮಲ್ ಒಳಬಟ್ಟೆ ಬೇಕು, ತೋಳೂ ಕಾಲೂ ಪೂರ್ತಿ ಮುಚ್ಚುವಂಥದ್ದು. ಥರ್ಮಲ್‌ಗೆ ಹಣ ಮಂಜೂರಾಗುವವರೆಗೆ ನಮ್ಮಲ್ಲಿ ಹುಡುಗರು ಫುಟ್‌ಬಾಲ್ ಆಡುವ ಉದ್ದ ತೋಳಿನ ಪಾಲಿಯೆಸ್ಟರ್ ಜರ್ಸಿ ತೊಟ್ಟರು. ಹತ್ತಿ ಬನಿಯನ್‌ಗಿಂತ ಅದು ಎಷ್ಟೋ ಮೇಲು: ಬೇಗ ಒಣಗುತ್ತದೆ, ಮೈಗೆ ತಣ್ಣಗೆ ಅಂಟುವುದಿಲ್ಲ. ಪ್ರತಿಯೊಬ್ಬನಿಗೂ ಶಿಫ್ಟ್‌ಗೆ ಎರಡು ಜೊತೆ ಇರಲಿ. ಊಟದ ವಿರಾಮದಲ್ಲಿ ಬದಲಿಸಲು ಎರಡನೆಯದು ಬೇಕೇ ಬೇಕು.

ಎರಡನೆಯದಕ್ಕೆ ಫ್ಲೀಸ್ ಅಥವಾ ಉಣ್ಣೆಯ ಸ್ವೆಟರ್ ಸಾಕು. ಇದು ಬಿಗಿಯಾಗಿರಬಾರದು. ಬಿಗಿಯಾದ ಸ್ವೆಟರ್ ಮೇಲೆ ಬಿಗಿಯಾದ ಜಾಕೆಟ್ ಹಾಕಿದರೆ ನಡುವಿನ ಗಾಳಿ ಹಿಂಡಿಹೋಗುತ್ತದೆ, ಎರಡು ಬಟ್ಟೆ ಹೊತ್ತರೂ ಒಂದರ ಬೆಚ್ಚಗೆ ಮಾತ್ರ ಸಿಗುತ್ತದೆ. ಪ್ಯಾಲೆಟ್ ಎಳೆಯುವ, ಕಾರ್ಟನ್ ಎತ್ತುವ ಭಾರದ ಕೆಲಸದವನಿಗೆ ಈ ಪದರ ತೆಳುವಾಗಿರಲಿ, ಇಲ್ಲದಿದ್ದರೆ ಒಳಗೇ ಬೆವರುತ್ತಾನೆ. ನಿಂತು ಲೆಕ್ಕ ಬರೆಯುವವನಿಗೆ, ಫೋರ್ಕ್‌ಲಿಫ್ಟ್ ಮೇಲೆ ಕುಳಿತವನಿಗೆ ದಪ್ಪನೆಯದು ಬೇಕು. ಎಲ್ಲರಿಗೂ ಒಂದೇ ಅಳತೆಯ, ಒಂದೇ ದಪ್ಪದ ಸೆಟ್ ತರಿಸುವುದು ಖರೀದಿ ವಿಭಾಗಕ್ಕೆ ಸುಲಭ. ಆದರೆ ಅದರಲ್ಲಿ ಎತ್ತುವವನು ಬೆವರುತ್ತಾನೆ, ಬರೆಯುವವನು ನಡುಗುತ್ತಾನೆ.

ಹೊರಗಿನ ಜಾಕೆಟ್ ಮತ್ತು ಪ್ಯಾಂಟ್ ಕೊಳ್ಳುವಾಗ ಲೇಬಲ್ ಮೇಲೆ ಇಎನ್ 342 ಎಂಬ ಗುರುತು ಇದೆಯೇ ನೋಡಿ. ಇದು ಮೈನಸ್ 5ಕ್ಕಿಂತ ಕೆಳಗಿನ ಚಳಿಗೆಂದೇ ಪರೀಕ್ಷಿಸಿದ ಉಡುಪಿನ ಯುರೋಪಿಯನ್ ಮಾನಕ. ಇಎನ್ 14058 ಎಂದಿದ್ದರೆ ಅದು ಅಷ್ಟು ಕಡು ಚಳಿಗೆ ಅಲ್ಲ, ಆಂಟೆ ರೂಮಿನ ಕೆಲಸಕ್ಕೆ ಸರಿ. ಒಳಗೆ ಭಾರ ಎತ್ತತೊಡಗಿ ಮೈ ಬಿಸಿಯಾಗುತ್ತಿದೆ ಎನಿಸಿದ ಕೂಡಲೇ ಕತ್ತಿನ ಬಳಿ ಜಿಪ್ಪನ್ನು ಒಂದು ಗೇಣು ಇಳಿಸಬೇಕು, ಬೆವರು ಹನಿಯುವವರೆಗೆ ಕಾಯಬಾರದು. ಸ್ವಲ್ಪ ತಂಪೆನಿಸುತ್ತಾ ಕೆಲಸ ಮಾಡುವುದೇ ಸರಿಯಾದ ಸ್ಥಿತಿ ಎಂದು ಹೊಸಬರಿಗೆ ನಾನು ಹೇಳುತ್ತಿದ್ದೆ.

ತಲೆಗೆ ಮಂಕಿ ಕ್ಯಾಪ್, ಅದರ ಮೇಲೆ ಜಾಕೆಟ್ಟಿನ ಟೋಪಿ ಅಥವಾ ಹೆಲ್ಮೆಟ್. ಕಿವಿಯ ಅಂಚು ಹೊರಗೆ ಕಾಣಬಾರದು. ಲೋಹದ ಓಲೆ, ಉಂಗುರ, ಕಡಗ ತೆಗೆದಿಟ್ಟು ಹೋಗಬೇಕು. ಅವು ಚರ್ಮಕ್ಕೆ ಒತ್ತಿಕೊಂಡು ಅಲ್ಲಿಯೇ ಮೊದಲು ಗಾಯ ಮಾಡುತ್ತವೆ.

ಹಂತ 3: ಕೈ ಮತ್ತು ಕಾಲು

ದೇಹ ತಣ್ಣಗಾಗತೊಡಗಿದರೆ ಎದೆ ಮತ್ತು ಮಿದುಳಿನ ಶಾಖ ಉಳಿಸಲು ಕೈಕಾಲುಗಳ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಮೊದಲು ಬಲಿಯಾಗುವುದು ಬೆರಳು. ಬೆರಳಿನ ಚರ್ಮ ಸುಮಾರು 15 ಡಿಗ್ರಿಗೆ ಇಳಿದಾಗ ನೋವೂ ಒರಟುತನವೂ ಶುರುವಾಗುತ್ತವೆ. 7 ಅಥವಾ 8 ಡಿಗ್ರಿಗೆ ಇಳಿದರೆ ಸ್ಪರ್ಶವೇ ತಿಳಿಯುವುದಿಲ್ಲ. ಕಾರ್ಟನ್ ಜಾರಿ ಕಾಲ ಮೇಲೆ ಬೀಳುವುದು, ಪ್ಯಾಲೆಟ್ ಟ್ರಕ್ಕಿನ ಹಿಡಿಕೆಗೆ ಬೆರಳು ಸಿಕ್ಕುವುದು ಇಂತಹ ಕೈಗಳಲ್ಲಿಯೇ.

ಕೈಗವಸು ಎರಡು ಪದರದ್ದಾಗಿರಲಿ: ಒಳಗೆ ತೆಳುವಾದ ಉಣ್ಣೆಯದು ಅಥವಾ ಸಿಂಥೆಟಿಕ್‌ನದು, ಹೊರಗೆ ದಪ್ಪನೆಯ ಫ್ರೀಜರ್ ಗ್ಲೌಸ್. ಲೇಬಲ್ ಹಾಕುವುದು, ಟೇಪ್ ಕತ್ತರಿಸುವುದು, ಮಾರ್ಕರ್‌ನಲ್ಲಿ ಬರೆಯುವುದು, ಇಂತಹ ಸಣ್ಣ ಕೆಲಸ ಬಂದಾಗ ಎಲ್ಲರೂ ದಪ್ಪ ಗ್ಲೌಸ್ ಕಳಚುತ್ತಾರೆ. ಒಳಗಿನ ತೆಳು ಗ್ಲೌಸ್ ಇದ್ದರೆ ಆಗಲೂ ಬರಿಗೈ ಲೋಹಕ್ಕೆ ತಾಗುವುದಿಲ್ಲ. ಇನ್ನೂ ಒಳ್ಳೆಯ ದಾರಿಯೆಂದರೆ ಅಂಥ ಕೆಲಸಗಳನ್ನು ಸ್ಟೋರ್‌ನಿಂದಲೇ ಹೊರಗೆ ತರುವುದು, ಆಂಟೆ ರೂಮಿನಲ್ಲಿ ಮಾಡಿಸುವುದು. ಕೊಳ್ಳುವಾಗ ಇಎನ್ 511 ಗುರುತಿನ ಕೆಳಗಿನ ಮೂರು ಅಂಕಿಗಳನ್ನು ಓದಿ. ಮೊದಲನೆಯದು ಗಾಳಿಯ ಚಳಿಗೆ, ಎರಡನೆಯದು ತಣ್ಣನೆಯ ವಸ್ತು ಮುಟ್ಟುವುದಕ್ಕೆ, ಮೂರನೆಯದು ನೀರು ತಡೆಯುವುದಕ್ಕೆ. ಹೆಪ್ಪುಗಟ್ಟಿದ ಮೀನಿನ ಬ್ಲಾಕ್ ಎತ್ತುವವನಿಗೆ ಎರಡನೆಯ ಅಂಕಿ ಮುಖ್ಯ. ಅದು ಸೊನ್ನೆಯಿಂದ ನಾಲ್ಕರವರೆಗೆ ಇರುತ್ತದೆ, ಹೆಚ್ಚಿದ್ದಷ್ಟೂ ಒಳ್ಳೆಯದು.

ಕಾಲಿಗೆ ಸಂಸ್ಕರಣಾ ಹಾಲ್‌ನ ತೆಳು ಗಂಬೂಟನ್ನೇ ಹಾಕಿಕೊಂಡು ಸ್ಟೋರ್‌ಗೆ ನುಗ್ಗುವ ಅಭ್ಯಾಸ ಬಹಳ ಕಡೆ ಇದೆ. ಅದರೊಳಗೆ ತೊಳೆದ ನೀರು ಇಳಿದಿರುತ್ತದೆ, ಅಡಿ ಚಳಿಯನ್ನು ತಡೆಯುವುದಿಲ್ಲ, ಆ ಚಳಿಯಲ್ಲಿ ಪ್ಲಾಸ್ಟಿಕ್ ಗಟ್ಟಿಯಾಗಿ ಜಾರುತ್ತದೆ. ಸ್ಟೋರ್‌ಗೆ ಬೇರೆಯೇ ಬೂಟು ಇರಬೇಕು, ದಪ್ಪ ಅಡಿಯದು, ಒಳಗೆ ತೆಗೆದು ಒಣಗಿಸಬಹುದಾದ ಫೆಲ್ಟ್ ಹಾಸು ಇರುವಂಥದ್ದು. ಬೆರಳು ಆಡಿಸಲು ಜಾಗವಿಲ್ಲದಷ್ಟು ಕಾಲುಚೀಲ ತುರುಕಿದರೆ ರಕ್ತದ ಓಟ ತಗ್ಗಿ ಕಾಲು ಇನ್ನೂ ಬೇಗ ತಣ್ಣಗಾಗುತ್ತದೆ. ಆದ್ದರಿಂದ ಬೂಟನ್ನು ಕಾಲಿನ ಅಳತೆಗಿಂತ ಒಂದು ಸಂಖ್ಯೆ ದೊಡ್ಡದು ತರಿಸಿ.

ಹಂತ 4: ಹೊರಗೆ ಬಂದಾಗ ಜಾಕೆಟ್ ಎಲ್ಲಿ ಕಳಚುತ್ತೀರಿ?

ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿಯನ್ನು ಮೇಜಿನ ಮೇಲಿಟ್ಟರೆ ಅದರ ಹೊರಮೈ ತೊಟ್ಟಿಕ್ಕುತ್ತದೆ. 34 ಡಿಗ್ರಿಯ ತೇವದ ಗಾಳಿಯಲ್ಲಿ ಸುಮಾರು 25 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ಹೀಗೆಯೇ ನೀರು ಕೂರುತ್ತದೆ. ಮೈನಸ್ 20ರಲ್ಲಿ ಮುಕ್ಕಾಲು ಗಂಟೆ ಇದ್ದ ಜಾಕೆಟ್ಟೂ ಅಂತಹ ಒಂದು ಬಾಟಲಿಯೇ. ಅದನ್ನು ತೊಟ್ಟುಕೊಂಡೇ ಬಿಸಿಲಿನ ಕಟ್ಟೆಗೆ ಬಂದರೆ ಗಾಳಿಯ ತೇವ ಅದರ ಹೊರಬಟ್ಟೆಯಲ್ಲಿ, ಹೊಲಿಗೆಯಲ್ಲಿ, ಕೈಗವಸಿನ ಬಾಯಿಯಲ್ಲಿ ನೀರಾಗಿ ಇಳಿಯುತ್ತದೆ. ಎರಡನೆಯ ಸಲ ಒಳಗೆ ಹೋದಾಗ ಆ ನೀರು ಮಂಜುಗಡ್ಡೆಯಾಗುತ್ತದೆ. ಶಿಫ್ಟ್‌ನ ಮೊದಲ ಗಂಟೆಯಲ್ಲಿ ಬೆಚ್ಚಗಿದ್ದ ಜಾಕೆಟ್ ಮೂರನೆಯ ಗಂಟೆಯಲ್ಲಿ ಏಕೆ ತಣ್ಣಗಾಗುತ್ತದೆ ಎಂದು ನಾವು ಬಹಳ ಕಾಲ ತಲೆಕೆಡಿಸಿಕೊಂಡಿದ್ದೆವು. ಬೆವರು ಅರ್ಧ ಕಾರಣ, ಇದು ಇನ್ನರ್ಧ.

ಪರಿಹಾರಕ್ಕೆ ಖರ್ಚೇ ಇಲ್ಲ. ಜಾಕೆಟ್, ಪ್ಯಾಂಟ್, ಗ್ಲೌಸ್ ಎಲ್ಲವನ್ನೂ ಆಂಟೆ ರೂಮಿನಲ್ಲಿಯೇ ಕಳಚಿ ಅಲ್ಲಿಯೇ ಗೂಟಕ್ಕೆ ತೂಗುಹಾಕಿ, ಒಳಬಟ್ಟೆ ಮತ್ತು ಸ್ವೆಟರ್‌ನಲ್ಲಿ ಹೊರಗೆ ಬನ್ನಿ. ಆಂಟೆ ರೂಮಿನ ಗಾಳಿ ತಂಪು, ಅದರಲ್ಲಿ ತೇವ ಕಡಿಮೆ. ಅಲ್ಲಿ ತೂಗಿದ ಜಾಕೆಟ್ ಅಷ್ಟು ನೀರು ಕುಡಿಯುವುದಿಲ್ಲ.

ಶಿಫ್ಟ್ ಮುಗಿದ ಮೇಲೆ ಒಣಗಿಸುವುದು ಬೇರೆಯೇ ಕೆಲಸ. ಒಬ್ಬ ಕಳಚಿದ ಜಾಕೆಟ್ಟನ್ನು ಹತ್ತು ನಿಮಿಷದಲ್ಲಿ ಮುಂದಿನ ಶಿಫ್ಟ್‌ನವನು ತೊಡುವ ಪದ್ಧತಿ ಇದ್ದರೆ ಅದನ್ನು ಮೊದಲು ನಿಲ್ಲಿಸಬೇಕು. ಮಳೆಗಾಲದಲ್ಲಿ ಕರಾವಳಿಯಲ್ಲಿ ಬಟ್ಟೆ ತಾನಾಗಿ ಒಣಗುವುದಿಲ್ಲ ಎಂಬುದು ಮನೆಮನೆಗೂ ಗೊತ್ತು. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಒಂದು ಹೀಟರ್, ಒಂದು ಫ್ಯಾನ್, ತೇವದ ಗಾಳಿ ಹೊರದೂಡುವ ಒಂದು ಎಕ್ಸಾಸ್ಟ್ ಇಟ್ಟು ಜಾಕೆಟ್‌ಗಳನ್ನು ಒಳಮೈ ಹೊರಗಾಗಿಸಿ ತೂಗುಹಾಕಬೇಕು. ಒಣಗಿದೆಯೇ ಎಂದು ಕೈಯಿಂದ ಮುಟ್ಟಿ ಹೇಳುವುದು ಕಷ್ಟ, ಏಕೆಂದರೆ ನೀರು ನಡುವಿನ ಹತ್ತಿಯಂತಹ ತುಂಬಿನಲ್ಲಿ ಅಡಗಿರುತ್ತದೆ. ನಾವು ಕಂಡುಕೊಂಡ ಉಪಾಯವೆಂದರೆ ತಕ್ಕಡಿ. ಹೊಸ ಜಾಕೆಟ್ ಬಂದ ದಿನವೇ ತೂಗಿ ತೂಕವನ್ನು ಕಾಲರ್ ಒಳಗೆ ಅಳಿಸದ ಶಾಯಿಯಲ್ಲಿ ಬರೆದಿಡುತ್ತಿದ್ದೆವು. ಬೆಳಿಗ್ಗೆ ತೂಗಿದಾಗ ಬರೆದಿಟ್ಟ ತೂಕದ ಮೇಲೆ 100 ಗ್ರಾಂಗಿಂತ ಹೆಚ್ಚು ಬಂದರೆ ಅದು ನೀರು, ಆ ಜಾಕೆಟ್ ಅಂದು ಒಳಗೆ ಹೋಗುವುದಿಲ್ಲ. ಮೀನು ತೂಗುವ ಜಾಗದಲ್ಲಿ ತಕ್ಕಡಿಗೆ ಕೊರತೆ ಇರುವುದಿಲ್ಲವಲ್ಲ.

ಹಂತ 5: ಗಡಿಯಾರ ಹಿಡಿದು ಕೆಲಸ

ನಾನು ಕೆಲಸದಲ್ಲಿದ್ದಾಗ ಜಾರಿಯಲ್ಲಿದ್ದ ನಮ್ಮ 1948ರ ಕಾರ್ಖಾನೆ ಕಾಯ್ದೆಯ 13ನೆಯ ಕಲಂ ಗಾಳಿ ಮತ್ತು ಉಷ್ಣಾಂಶದ ಬಗ್ಗೆ ಮಾತನಾಡುತ್ತಿತ್ತು. ಆದರೆ ಇಷ್ಟು ಚಳಿಗೆ ಇಷ್ಟೇ ನಿಮಿಷ ಎಂಬ ಲೆಕ್ಕ ಅದರಲ್ಲಿರಲಿಲ್ಲ. ಹೊರಗಿನ ಎರಡು ಲೆಕ್ಕಗಳನ್ನು ನಾವು ಆಧಾರವಾಗಿ ಇಟ್ಟುಕೊಂಡಿದ್ದೆವು. ಜರ್ಮನಿಯ ಡಿಐಎನ್ 33403 ಮಾನಕದ ಪ್ರಕಾರ ಮೈನಸ್ 18ರಿಂದ ಮೈನಸ್ 30ರವರೆಗಿನ ಕೋಣೆಯಲ್ಲಿ ಒಂದೇ ಸಲಕ್ಕೆ 90 ನಿಮಿಷಕ್ಕಿಂತ ಹೆಚ್ಚು ಇರಬಾರದು, ಆಮೇಲೆ 30 ನಿಮಿಷ ಬೆಚ್ಚಗಾಗಬೇಕು. ಮೈನಸ್ 30ಕ್ಕಿಂತ ಕೆಳಗಾದರೆ 60 ನಿಮಿಷ ಕೆಲಸ, 60 ನಿಮಿಷ ವಿರಾಮ. ಅಮೆರಿಕದ ಎಸಿಜಿಐಎಚ್ ಸಂಸ್ಥೆಯ ಕೋಷ್ಟಕ ಇನ್ನೂ ಸಡಿಲ. ಗಾಳಿ ಇಲ್ಲದಿದ್ದರೆ ಸುಮಾರು ಮೈನಸ್ 26ರವರೆಗೆ ಅದು ವಿಶೇಷ ವಿರಾಮವನ್ನೇ ಕೇಳುವುದಿಲ್ಲ. ಆದರೆ ಆ ಕೋಷ್ಟಕ ಒಣ ಬಟ್ಟೆ ತೊಟ್ಟು, ಮೈ ಬಿಸಿಯಾಗುವಷ್ಟು ದುಡಿಯುವವನಿಗಾಗಿ ಮಾಡಿದ್ದು. ನಮ್ಮಲ್ಲಿ ಬಟ್ಟೆ ಪೂರ್ತಿ ಒಣಗಿದೆ ಎಂದು ಯಾರೂ ಪ್ರಮಾಣ ಮಾಡಲಾರರು. ಆದ್ದರಿಂದ 90 ನಿಮಿಷವನ್ನು ಕೊನೆಯ ಗಡಿ ಎಂದು ಇಟ್ಟುಕೊಂಡು, ಅದರ ಅರ್ಧಕ್ಕಿಂತ ಒಳಗೇ ಪಾಳಿ ಮುಗಿಸುವುದು ಸರಿ ಎಂಬುದು ನನ್ನ ಅಭಿಪ್ರಾಯ.

ಗಾಳಿಯನ್ನೂ ಎಣಿಸಬೇಕು. ಗಾಳಿ ತಂಪಿನ ಸೂತ್ರದ ಪ್ರಕಾರ ಮೈನಸ್ 20ರಲ್ಲಿ ಗಂಟೆಗೆ 10 ಕಿಲೋಮೀಟರ್ ಗಾಳಿ ಮುಖಕ್ಕೆ ಬಡಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 27ರಂತೆ. ಅಷ್ಟು ಗಾಳಿಗೆ ದೊಡ್ಡ ಫ್ಯಾನೇ ಬೇಕಿಲ್ಲ. ಅದೇ ವೇಗದಲ್ಲಿ ಓಡುವ ಫೋರ್ಕ್‌ಲಿಫ್ಟ್ ಚಾಲಕನಿಗೆ ಆ ಗಾಳಿ ಸದಾ ಇರುತ್ತದೆ. ಅವನ ಮೂಗು, ಕೆನ್ನೆ ಮುಚ್ಚಿರಬೇಕು. ಮೀನನ್ನು ಬೇಗ ಹೆಪ್ಪುಗಟ್ಟಿಸುವ ಬ್ಲಾಸ್ಟ್ ಫ್ರೀಜರ್‌ನಲ್ಲಂತೂ ಮೈನಸ್ 35ರ ಆಚೀಚೆ ಜೋರು ಗಾಳಿ ಬೀಸುತ್ತಿರುತ್ತದೆ. ಫ್ಯಾನ್ ಆಫ್ ಮಾಡಿ, ಸ್ವಿಚ್‌ಗೆ ಬೀಗ ಹಾಕಿ, ಕೀಲಿಯನ್ನು ಒಳಹೋಗುವವನ ಜೇಬಿನಲ್ಲಿಟ್ಟ ಮೇಲೆಯೇ ಅಲ್ಲಿಗೆ ಕಾಲಿಡಬೇಕು. ಒಬ್ಬನೇ ಹೋಗಬಾರದು.

ಈ ಲೆಕ್ಕ ಕೆಲಸದ ಒತ್ತಡದಲ್ಲಿ ಹೇಗೆ ಕುಳಿತುಕೊಳ್ಳುತ್ತದೆ ಎಂಬುದಕ್ಕೆ ಒಂದು ಕಂಟೈನರ್ ಲೋಡಿಂಗ್ ತೆಗೆದುಕೊಳ್ಳೋಣ. 40 ಅಡಿಯ ಕಂಟೈನರ್, 26 ಟನ್ ಸರಕು, ಒಂದೊಂದೂ 20 ಕಿಲೋ ತೂಗುವ 1,300 ಕಾರ್ಟನ್. ಪ್ಯಾಲೆಟ್‌ಗೆ 60ರಂತೆ ಸುಮಾರು 22 ಪ್ಯಾಲೆಟ್. ಸಮಯ ಮೂರು ಗಂಟೆ. ಮೊದಲು ನಾವು ಒಂಬತ್ತು ಜನರನ್ನೂ ಒಟ್ಟಿಗೆ ಇಳಿಸುತ್ತಿದ್ದೆವು, ಕಂಟೈನರ್ ಬಾಗಿಲು ಮುಚ್ಚುವವರೆಗೆ ವಿರಾಮ ಎಂಬುದೇ ಇರಲಿಲ್ಲ. ಎರಡನೆಯ ಗಂಟೆಯಿಂದ ಕೈ ನಿಧಾನವಾಗುತ್ತಿತ್ತು, ಕಾರ್ಟನ್ ಬೀಳುತ್ತಿತ್ತು, ಲೆಕ್ಕ ತಪ್ಪಿ ಮತ್ತೆ ಎಣಿಸುತ್ತಿದ್ದೆವು.

ಆಮೇಲೆ ಮೂವರಂತೆ ಮೂರು ಗುಂಪು ಮಾಡಿದೆವು. ಒಂದು ಗುಂಪು ಸ್ಟೋರ್‌ನಿಂದ ಪ್ಯಾಲೆಟ್ ಎಳೆದು ತರುತ್ತದೆ, ಇನ್ನೊಂದು ಕಂಟೈನರ್ ಒಳಗೆ ಜೋಡಿಸುತ್ತದೆ, ಮೂರನೆಯದು ವಿರಾಮದಲ್ಲಿರುತ್ತದೆ. ಪ್ರತಿ 30 ನಿಮಿಷಕ್ಕೆ ಗಂಟೆ ಬಾರಿಸಿ ಜಾಗ ಬದಲಿಸಬೇಕು. ಸ್ಟೋರ್‌ನಿಂದ ಬಂದವರು ನೇರವಾಗಿ ವಿರಾಮಕ್ಕೆ, ವಿರಾಮದವರು ಕಂಟೈನರ್‌ಗೆ, ಕಂಟೈನರ್‌ನವರು ಸ್ಟೋರ್‌ಗೆ. ಹೀಗೆ ಮೂರು ಗಂಟೆಯಲ್ಲಿ ಒಬ್ಬೊಬ್ಬನೂ ಮೈನಸ್ 20ರಲ್ಲಿ ಇರುವುದು ಎರಡು ಸಲ, ಒಟ್ಟು 60 ನಿಮಿಷ ಮಾತ್ರ. ಎಂಟು ನಿಮಿಷಕ್ಕೊಂದು ಪ್ಯಾಲೆಟ್ ಹೊರಗೆ ಬಂದರೆ ಕೆಲಸ ಸಮಯಕ್ಕೆ ಮುಗಿಯುತ್ತದೆ. ಮೊದಲ ದಿನ ನಾವು ಸುಮಾರು 20 ನಿಮಿಷ ತಡವಾದೆವು, ಮಾತೂ ಕೇಳಿದೆವು. ಕೆಲವು ವಾರಗಳಲ್ಲಿ ಹಳೆಯ ವೇಗಕ್ಕೆ ಬಂದೆವು, ಮರು ಎಣಿಕೆ ನಿಂತುಹೋಯಿತು.

ವಿರಾಮ ಎಂದರೆ ಬಿಸಿಲಿನಲ್ಲಿ ಕೂರುವುದಲ್ಲ. ಚಳಿಯಿಂದ ಬಂದವನು ಬಿಸಿಲು ಹುಡುಕುವುದು ಸಹಜ, ಆದರೆ ಅರ್ಧ ಗಂಟೆಯಲ್ಲಿ ಅವನು ಮತ್ತೆ ಬೆವರಿನ ಮುದ್ದೆಯಾಗಿ ಒಳಗೆ ಹೋಗುತ್ತಾನೆ. ನೆರಳಿರುವ, 25 ಡಿಗ್ರಿಯ ಆಸುಪಾಸಿನ ಒಣ ಕೋಣೆ ಬೇಕು. ಅಲ್ಲಿ ಕೈಕಾಲು ಬಿಚ್ಚಿ ಒಣಗಿಸಿಕೊಂಡು, ಬೆವರಿದ್ದರೆ ಒಳಬಟ್ಟೆ ಬದಲಿಸಿ, ಬಿಸಿಯಾದದ್ದು ಏನಾದರೂ ಕುಡಿಯಬೇಕು. ನಮ್ಮ ಅಡುಗೆಯ ಅಕ್ಕ ದೊಡ್ಡ ಪಾತ್ರೆಯಲ್ಲಿ ಕುಚ್ಚಲಕ್ಕಿ ಗಂಜಿ ಇಡುತ್ತಿದ್ದರು, ಉಪ್ಪು ಹಾಕಿ. ಶಾಖಕ್ಕೂ ಶಕ್ತಿಗೂ ನೀರಿಗೂ ಅದು ಒಂದೇ ಸಲಕ್ಕೆ ಆಗುತ್ತಿತ್ತು. ಚಳಿಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲ, ಮೂತ್ರ ಮಾತ್ರ ಹೆಚ್ಚು ಹೋಗುತ್ತದೆ. ಬೀಡಿ, ಸಿಗರೇಟು ಬೆರಳಿನ ರಕ್ತನಾಳಗಳನ್ನು ಇನ್ನಷ್ಟು ಕುಗ್ಗಿಸುತ್ತವೆ. ಮದ್ಯ ಚರ್ಮದ ನಾಳಗಳನ್ನು ತೆರೆದು ಬೆಚ್ಚಗಾದಂತೆ ಭ್ರಮೆ ಹುಟ್ಟಿಸಿ ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ. ಕುಡಿದು ಬಂದವನನ್ನು ಒಳಗೆ ಬಿಡಲೇಬಾರದು.

ಹಂತ 6: ಮೊದಲ ಸೂಚನೆಗಳು

ಒಂದು ರಾತ್ರಿ ಪಾಳಿಯ ಸಂಗತಿ ಹೇಳುತ್ತೇನೆ. ಮೂರು ಗುಂಪುಗಳ ಪದ್ಧತಿ ಇನ್ನೂ ಬಂದಿರಲಿಲ್ಲ. ಸುಮಾರು ಎರಡು ಗಂಟೆಯ ಹೊತ್ತಿಗೆ ಹಿರಿಯ ಲೋಡರ್ ಒಬ್ಬರು ನನ್ನ ಬಳಿ ಬಂದು, "ಸಾರ್, ಆ ಹುಡುಗ ಯಾಕೋ ಮಾತೇ ಆಡುತ್ತಿಲ್ಲ" ಎಂದರು. ಜಾರ್ಖಂಡ್‌ನಿಂದ ಬಂದ ಇಪ್ಪತ್ತು ವರ್ಷದ ಹುಡುಗ, ಇಡೀ ರಾತ್ರಿ ಹಾಡು ಗುನುಗುವವನು. ಹೋಗಿ ನೋಡಿದೆ. ಕಾರ್ಟನ್‌ಗಳ ಲೇಬಲ್ ಹೊರಗೆ ಕಾಣುವಂತೆ ಜೋಡಿಸಬೇಕು, ಅವನು ಕಳೆದ ಎರಡು ಸಾಲನ್ನು ಹಿಂದುಮುಂದಾಗಿ ಇಟ್ಟಿದ್ದ. ಹೆಸರು ಹಿಡಿದು ಕರೆದರೆ ಎರಡನೆಯ ಸಲಕ್ಕೆ ತಿರುಗಿದ. "ಚಳಿಯಾಗುತ್ತಿದೆಯೇ?" ಎಂದರೆ "ಇಲ್ಲ, ಈಗ ಸರಿಯಾಗಿದೆ" ಎಂದ, ನಾಲಗೆ ತೊದಲುತ್ತಿತ್ತು. ಬಲಗೈಯ ದಪ್ಪ ಗ್ಲೌಸ್ ಇರಲಿಲ್ಲ. ಮಾರ್ಕರ್ ಹಿಡಿಯಲು ಕಳಚಿದವನು ಮತ್ತೆ ಹಾಕಿಕೊಳ್ಳಲು ಮರೆತಿದ್ದ.

ಅವನು ಹೇಳಿದ ಆ "ಈಗ ಸರಿಯಾಗಿದೆ" ಎಂಬುದು ಅತ್ಯಂತ ಅಪಾಯದ ಮಾತು. ಬೆರಳು ಮೊದಲು ನೋಯುತ್ತದೆ, ಆಮೇಲೆ ಜೋಮು ಹಿಡಿಯುತ್ತದೆ, ಆಮೇಲೆ ಏನೂ ತಿಳಿಯುವುದಿಲ್ಲ. ಹೊರಗೆ ಬರದೆ, ಬೆಚ್ಚಗಾಗದೆ ನೋವು ತಾನಾಗಿ ನಿಂತರೆ ಅದು ಗುಣವಲ್ಲ, ಮರಗಟ್ಟುವಿಕೆ. ನಡುಕಕ್ಕೂ ಇದೇ ನಿಯಮ. ನಡುಕ ಎಂದರೆ ದೇಹ ಇನ್ನೂ ಶಾಖ ಹುಟ್ಟಿಸಲು ಹೋರಾಡುತ್ತಿದೆ ಎಂದರ್ಥ. ಜೋರಾಗಿ ನಡುಗುತ್ತಿದ್ದವನು ಒಳಗಿದ್ದುಕೊಂಡೇ ನಡುಗುವುದನ್ನು ನಿಲ್ಲಿಸಿದರೆ, ಮಂಕಾದರೆ, ಅದು ತುರ್ತು ಸ್ಥಿತಿ. ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದರೆ ಅದಕ್ಕೆ ಹೈಪೋಥರ್ಮಿಯಾ ಎನ್ನುತ್ತಾರೆ. ಆಗ ಮೊದಲು ಕೆಡುವುದು ವಿವೇಚನೆ. ಆದ್ದರಿಂದ ತನಗೆ ಏನಾಗುತ್ತಿದೆ ಎಂದು ಅವನಿಗೇ ತಿಳಿಯುತ್ತದೆ ಎಂದು ನಂಬಿ ಕೂರಬಾರದು, ಜೊತೆಗಾರನ ಕಣ್ಣು ಬೇಕು.

ಇಬ್ಬಿಬ್ಬರ ಜೋಡಿ ಮಾಡಿ. ಪ್ರತಿ 15 ನಿಮಿಷಕ್ಕೆ ಒಬ್ಬ ಇನ್ನೊಬ್ಬನ ಮುಖ ನೋಡಲಿ: ಮೂಗಿನ ತುದಿ, ಕೆನ್ನೆಯ ಮೂಳೆ, ಕಿವಿಯ ಅಂಚು. ಪುಸ್ತಕಗಳಲ್ಲಿ ಚರ್ಮ ಕೆಂಪಾಗಿ ಆಮೇಲೆ ಬಿಳುಪಾಗುತ್ತದೆ ಎಂದು ಬರೆದಿರುತ್ತದೆ. ನಮ್ಮ ಮೈಬಣ್ಣದಲ್ಲಿ ಆ ಕೆಂಪು ಕಾಣುವುದೇ ಇಲ್ಲ. ಬೂದಿ ಬಳಿದಂತೆ ಮಂಕಾದ, ಸುತ್ತಲಿನದಕ್ಕಿಂತ ತಿಳಿಯಾದ, ಮೇಣದಂತೆ ಹೊಳಪುಗೆಟ್ಟ ಚುಕ್ಕೆ ಹುಡುಕಬೇಕು. ಸ್ಟೋರ್‌ನ ಬೆಳಕು ಹಳದಿಯಾಗಿದ್ದರೆ ಅದು ತಪ್ಪಿಹೋಗುತ್ತದೆ, ಜೇಬಿನಲ್ಲಿ ಒಂದು ಬಿಳಿ ಬೆಳಕಿನ ಟಾರ್ಚ್ ಇರಲಿ.

ಕೈಗೆ ಒಂದು ಸುಲಭ ಪರೀಕ್ಷೆ ಇದೆ. ಹೆಬ್ಬೆರಳ ತುದಿಯನ್ನು ಅದೇ ಕೈಯ ಕಿರುಬೆರಳ ತುದಿಗೆ ತಾಗಿಸಲು ಹೇಳಿ. ಆಗದಿದ್ದರೆ, ಅಥವಾ ತಾಗಿದ್ದು ತಿಳಿಯದಿದ್ದರೆ, ಆ ಕ್ಷಣವೇ ಹೊರಗೆ. ತಲೆ ಸರಿಯಿದೆಯೇ ನೋಡಲು ಅವನವನ ಭಾಷೆಯಲ್ಲಿ ಇಪ್ಪತ್ತರಿಂದ ಹಿಂದಕ್ಕೆ ಎಣಿಸಲು ಹೇಳಿ. ಒಡಿಯಾದಲ್ಲೋ ಹಿಂದಿಯಲ್ಲೋ ಎಣಿಸಿದರೆ ನಮಗೆ ಅರ್ಥವಾಗದಿರಬಹುದು, ಆದರೆ ತಡವರಿಕೆ ಯಾವ ಭಾಷೆಯಲ್ಲಿಯೂ ತಿಳಿಯುತ್ತದೆ. ಎಡವುವುದು, ಕೈಯಿಂದ ವಸ್ತು ಜಾರುವುದು, ಸುಮ್ಮಸುಮ್ಮನೆ ಸಿಡುಕುವುದು, ಎಂದೂ ಮಾತನಾಡುವವನು ಮೌನವಾಗುವುದು, ಇವು ಯಾವುದೇ ಥರ್ಮಾಮೀಟರ್‌ಗಿಂತ ಮೊದಲು ಸುದ್ದಿ ಕೊಡುತ್ತವೆ.

ಚಳಿ ತಾಗಿದರೆ ಬೆರಳು ಬಿಳಿಚಿಕೊಳ್ಳುವ ರೇನಾಡ್ ತೊಂದರೆ ಇರುವವರು, ಹೃದ್ರೋಗಿಗಳು, ಚಳಿಗೆ ಉಬ್ಬಸ ಬರುವವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು ವೈದ್ಯರ ಒಪ್ಪಿಗೆ ಇಲ್ಲದೆ ಒಳಗೆ ಹೋಗಬಾರದು. ಶಿಫ್ಟ್ ಆರಂಭದಲ್ಲಿ ಇನ್ನೊಂದು ಕೆಲಸ: ಬಾಗಿಲನ್ನು ಒಳಗಿನಿಂದ ತೆರೆಯುವ ಗುಬ್ಬಿ ಒತ್ತಿ ನೋಡಿ, ಒಳಗಿನ ಅಲಾರಂ ಬಾರಿಸಿ ನೋಡಿ. ಗುಬ್ಬಿಗೆ ಮಂಜು ಕಟ್ಟಿ ಅದು ಅಲುಗದಿದ್ದರೆ ಸರಿಪಡಿಸುವವರೆಗೆ ಯಾರೂ ಒಳಗೆ ಹೋಗುವುದು ಬೇಡ.

ಹಂತ 7: ಬೆರಳು ಮರಗಟ್ಟಿದರೆ

ಆ ಹುಡುಗನನ್ನು ಹೊರಗೆ ತಂದಾಗ ಬಲಗೈಯ ಎರಡು ಬೆರಳ ತುದಿ ಬೂದು ಬಣ್ಣಕ್ಕೆ ತಿರುಗಿ, ಒತ್ತಿದರೆ ಮೇಣದ ಬತ್ತಿಯಷ್ಟು ಗಟ್ಟಿಯಾಗಿದ್ದವು. ಸುತ್ತ ನೆರೆದವರೆಲ್ಲ ಒಂದೊಂದು ಮದ್ದು ಹೇಳಿದರು. ಒಬ್ಬ ಬಾಮ್ ಹಚ್ಚಿ ಉಜ್ಜಲು ಹೊರಟ, ಇನ್ನೊಬ್ಬ ಬಿಸಿ ಚಹಾದ ಲೋಟಕ್ಕೆ ಬೆರಳು ಒತ್ತಿಸಿದ. ಎರಡೂ ತಪ್ಪು. ಹೆಪ್ಪುಗಟ್ಟಿದ ಚರ್ಮದೊಳಗೆ ಮಂಜಿನ ಹರಳುಗಳಿರುತ್ತವೆ, ಉಜ್ಜಿದರೆ ಅವು ಒಳಗಿನ ಮಾಂಸವನ್ನು ಕೊಯ್ಯುತ್ತವೆ. ಸ್ಪರ್ಶ ಇಲ್ಲದ ಬೆರಳಿಗೆ ಬಿಸಿ ಎಷ್ಟೆಂದು ತಿಳಿಯುವುದಿಲ್ಲ, ಚಳಿಯ ಗಾಯದ ಮೇಲೆ ಸುಟ್ಟ ಗಾಯವೂ ಆಗುತ್ತದೆ.

ಮಾಡಬೇಕಾದದ್ದು ಇದು. ಮೊದಲು ಇಡೀ ಮನುಷ್ಯನನ್ನು ನೋಡಿ. ತೊದಲುತ್ತಿದ್ದರೆ, ಮಂಕಾಗಿದ್ದರೆ ಅವನನ್ನು ನಡೆಸಬೇಡಿ, ಮಲಗಿಸಿ. ಒದ್ದೆ ಬಟ್ಟೆ ತೆಗೆದು, ಕತ್ತರಿಸಬೇಕಾದರೆ ಕತ್ತರಿಸಿ, ಒಣ ಕಂಬಳಿ ಸುತ್ತಿ, ತಲೆಯನ್ನೂ ಮುಚ್ಚಿ. ಬಿಸಿನೀರಿನ ಬಾಟಲಿ ಇದ್ದರೆ ಬಟ್ಟೆಯಲ್ಲಿ ಸುತ್ತಿ ಎದೆಗೆ, ಕಂಕುಳಿಗೆ ಇಡಿ. ಕೈಕಾಲುಗಳನ್ನು ಉಜ್ಜಬೇಡಿ. ಪೂರ್ತಿ ಎಚ್ಚರವಿದ್ದು ನುಂಗಬಲ್ಲವನಾದರೆ ಮಾತ್ರ ಬೆಚ್ಚಗಿನ ಸಿಹಿ ಪಾನೀಯ ಕೊಡಿ. ತಕ್ಷಣ 108ಕ್ಕೆ ಕರೆ ಮಾಡಿ.

ಮನುಷ್ಯ ಎಚ್ಚರದಲ್ಲಿದ್ದು ಬೆರಳು ಮಾತ್ರ ಮರಗಟ್ಟಿದ್ದರೆ, ಅದು ಮತ್ತೆ ಚಳಿಗೆ ಒಡ್ಡಿಕೊಳ್ಳುವುದಿಲ್ಲ ಎಂಬುದು ಖಚಿತವಾದ ಮೇಲೆ, 37ರಿಂದ 39 ಡಿಗ್ರಿಯ ನೀರಿನಲ್ಲಿ ಕೈ ಮುಳುಗಿಸಬೇಕು. ಮಗುವಿಗೆ ಸ್ನಾನ ಮಾಡಿಸುವ ಹದ ಅದು. ಥರ್ಮಾಮೀಟರ್ ಇಲ್ಲದಿದ್ದರೆ ಆರೋಗ್ಯವಂತನ ಮೊಣಕೈ ಇಟ್ಟು ನೋಡಬೇಕು, ಗಾಯಾಳುವಿನ ಕೈಯಿಂದ ಅಲ್ಲ. ನೀರು ಆರುತ್ತಾ ಹೋಗುತ್ತದೆ. ಹದ ಉಳಿಸಲು ಆಗಾಗ ಬಿಸಿನೀರು ಬೆರೆಸಬೇಕು, ಆ ಹೊತ್ತಿನಲ್ಲಿ ಕೈ ಹೊರಗಿರಲಿ. ಸುಮಾರು ಅರ್ಧ ಗಂಟೆಯಲ್ಲಿ ಚರ್ಮ ಮೆತ್ತಗಾಗಿ ಬಣ್ಣ ಮರಳುತ್ತದೆ. ಜೊತೆಗೆ ನೋವೂ ಮರಳುತ್ತದೆ, ಬಹಳ ಜೋರಾಗಿ. ಆ ಹುಡುಗ ಅತ್ತುಬಿಟ್ಟ. ಆ ನೋವಿಗೆ ಹೆದರಿ ಕೈಯನ್ನು ಹೊರತೆಗೆಯಬಾರದು ಎಂದು ಮೊದಲೇ ಹೇಳಿಡಬೇಕು. ಆಮೇಲೆ ಬೆರಳುಗಳ ನಡುವೆ ಒಣ ಗಾಜ್ ಇಟ್ಟು, ಸಡಿಲವಾಗಿ ಸುತ್ತಿ, ಗುಳ್ಳೆ ಎದ್ದಿದ್ದರೆ ಒಡೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಅವನ ಬೆರಳು ಉಳಿದವು. ಆದರೆ ಒಮ್ಮೆ ಹೆಪ್ಪುಗಟ್ಟಿದ ಚರ್ಮ ಚಳಿಯನ್ನು ಬಹಳ ಕಾಲ ಮರೆಯುವುದಿಲ್ಲ, ಮತ್ತೆ ಬೇಗ ಘಾಸಿಗೊಳ್ಳುತ್ತದೆ. ಮುಂದಿನ ತಿಂಗಳು ಅವನು ಮತ್ತೆ ಲೋಡಿಂಗ್‌ಗೆ ಬರುತ್ತೇನೆಂದು ಹಟ ಹಿಡಿದ, ಅದರಲ್ಲಿ ಕೂಲಿ ಹೆಚ್ಚು. ಅದೇ ಕೂಲಿ ಉಳಿಸಿ ಅವನನ್ನು ಬಟ್ಟೆ ಒಣಗಿಸುವ ಕೋಣೆಗೆ ಹಾಕಿಸಿದೆ. ಅಲ್ಲಿಂದ ಮುಂದೆ ಪ್ರತಿ ಬೆಳಿಗ್ಗೆ ಜಾಕೆಟ್‌ಗಳನ್ನು ತಕ್ಕಡಿಗೆ ಇಡುತ್ತಿದ್ದವನು ಅವನೇ. 100 ಗ್ರಾಂ ಮೀರಿದ ಒಂದನ್ನೂ ಅವನು ಯಾರ ಮಾತಿಗೂ ಬಿಟ್ಟುಕೊಡುತ್ತಿರಲಿಲ್ಲ.